ಮಗಳು ಬಂದ ಮನೆಗೆ ಸಂಕ್ರಾಂತಿಯ ಶುಭಾಶಯ ಹೇಗೆ ಬರೆಯಲಿ?

ಪ್ರಶ್ನೆ (ಮೈಸೂರಿನ ಸದಸ್ಯೆ): ನಮ್ಮ ಆಪ್ತ ಸ್ನೇಹಿತ ದಂಪತಿ ನವೆಂಬರ್‌ನಲ್ಲಿ ಎರಡೂವರೆ ವರ್ಷದ ಹೆಣ್ಣುಮಗುವನ್ನು ದತ್ತು ಪಡೆದು ಮನೆಗೆ ಕರೆತಂದಿದ್ದಾರೆ. ಕೆಲವರಿಗೆ ಮಾತ್ರ ತಿಳಿಸಿದ್ದಾರೆ. ಈಗ ಸಂಕ್ರಾಂತಿ ಬರುತ್ತಿದೆ, ನಮಗೆಲ್ಲ ಬಹಳ ಸಂತೋಷ. ನಾನು ಬರೆದಿಟ್ಟಿರುವುದು ಇದು: "ಕೊನೆಗೂ ದೇವರು ನಿಮ್ಮ ಮೇಲೆ ಕಣ್ಣು ಬಿಟ್ಟ. ಒಂದು ಅನಾಥ ಮಗುವಿಗೆ ಬದುಕು ಕೊಟ್ಟ ನಿಮ್ಮ ದೊಡ್ಡ ಮನಸ್ಸಿಗೆ ನಮಸ್ಕಾರ. ಕಂದನ ಮೊದಲ ಸಂಕ್ರಾಂತಿ! ಫೋಟೊ ಕಳಿಸಿ, ಎಲ್ಲರಿಗೂ ತೋರಿಸುತ್ತೇವೆ." ನಮ್ಮ ಕಾಲೇಜು ಗೆಳೆಯರ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕೋಣವೆಂದಿದ್ದೆ. ಯಾಕೋ ಕೈ ತಡೆಯಿತು. ತಿಳಿದವರು ಹೇಳಿ.

ಉತ್ತರ (ದತ್ತು ಸಂಸ್ಥೆಯೊಂದರ ಸಮಾಜ ಕಾರ್ಯಕರ್ತೆ): ಕೈ ತಡೆದದ್ದು ಒಳ್ಳೆಯದಾಯಿತು ಮೇಡಂ. ನಿಮ್ಮ ಸಂತೋಷದಲ್ಲಿ ಕುಂದಿಲ್ಲ, ಅದನ್ನು ಹೊತ್ತ ಮಾತುಗಳು ಮಾತ್ರ ಬೇರೆ ಕಡೆಗೆ ಎಳೆಯುತ್ತಿವೆ. ದತ್ತು ಪಡೆದ ಮನೆಗಳಿಗೆ ಹೋಗಿ ಮಗು ಹೇಗಿದೆ ಎಂದು ನೋಡಿ ವರದಿ ಬರೆಯುವುದು ನನ್ನ ಕೆಲಸ. ಎರಡು ವರ್ಷಗಳ ಕಾಲ ಆರು ತಿಂಗಳಿಗೊಮ್ಮೆ ಹೋಗುತ್ತೇವೆ. ಬಂಧುಗಳ ಯಾವ ಮಾತು ನೋಯಿಸಿತು ಎಂಬುದು ಆ ಭೇಟಿಗಳಲ್ಲಿ ಕಾಫಿ ಕುಡಿಯುವಾಗ ತಾನಾಗಿಯೇ ಹೊರಗೆ ಬರುತ್ತದೆ.

"ಕೊನೆಗೂ ದೇವರು ಕಣ್ಣು ಬಿಟ್ಟ" ಎಂಬ ಮಾತು ಇಷ್ಟು ವರ್ಷ ಆ ಮನೆಯಲ್ಲಿ ಕೊರತೆಯಿತ್ತು ಎಂದು ನೆನಪಿಸುತ್ತದೆ. ಹಬ್ಬದ ದಿನ ಅವರು ಓದಬೇಕಾದದ್ದು ಅದಲ್ಲ. "ಅನಾಥ ಮಗು", "ಬದುಕು ಕೊಟ್ಟಿರಿ" ಎಂಬುದು ಇನ್ನೂ ಭಾರದ ಮಾತು. ತಂದೆ ತಾಯಿಯನ್ನು ಅದು ದಾನಿಗಳನ್ನಾಗಿಯೂ ಮಗುವನ್ನು ದಾನ ಪಡೆದವಳನ್ನಾಗಿಯೂ ಮಾಡಿಬಿಡುತ್ತದೆ. ಈ ಮಗು ನಾಳೆ ಓದಲು ಕಲಿಯುತ್ತಾಳೆ, ಅಮ್ಮನ ಹಳೆಯ ಮೊಬೈಲು ಅವಳ ಕೈಗೂ ಬರುತ್ತದೆ. ನಿಮ್ಮ ಶುಭಾಶಯವನ್ನು ಹತ್ತು ವರ್ಷದ ಹುಡುಗಿಯೊಬ್ಬಳು ಓದುತ್ತಿದ್ದಾಳೆ ಎಂದುಕೊಂಡು ಬರೆಯಿರಿ. ಯಾವ ಪದ ಇರಬೇಕು, ಯಾವುದು ಬೇಡ ಎಂಬುದು ಆಗ ತಾನೇ ಹೊಳೆಯುತ್ತದೆ.

ಇನ್ನು "ಕಂದನ ಮೊದಲ ಸಂಕ್ರಾಂತಿ" ಎಂದಿದ್ದೀರಿ. ಈ ತಪ್ಪನ್ನು ಪ್ರೀತಿ ಇರುವವರೇ ಹೆಚ್ಚಾಗಿ ಮಾಡುತ್ತಾರೆ. ಮಗುವಿಗೆ ಎರಡೂವರೆ ವರ್ಷ. ಹಾಗಾದರೆ ಅವಳು ಈಗಾಗಲೇ ಎರಡು ಸಂಕ್ರಾಂತಿ ಕಂಡಿದ್ದಾಳೆ. ಯಾವುದೋ ತೊಟ್ಟಿಲಲ್ಲಿ, ಯಾವುದೋ ಆಯಾ ಕೈಯ ತುತ್ತಿನಲ್ಲಿ ಆ ಹಬ್ಬಗಳೂ ಕಳೆದಿವೆ. ಹಿಂದಿನ ದಿನಗಳನ್ನು ಇಲ್ಲವೆನ್ನುವುದು ಬೇಡ, ಕೆದಕುವುದೂ ಬೇಡ. ಮೊದಲನೆಯದು ಮೂವರೂ ಒಟ್ಟಿಗೆ ಮಾಡುವ ಹಬ್ಬ. ಅಷ್ಟನ್ನೇ ಹೇಳಿ.

ನಾನಾದರೆ ಹೀಗೆ ಬರೆಯುತ್ತೇನೆ:

"ನಿಮ್ಮ ಮೂವರಿಗೂ ಸಂಕ್ರಾಂತಿಯ ಪ್ರೀತಿಯ ಶುಭಾಶಯಗಳು. ನೀವು ಮೂವರೂ ಸೇರಿ ಮಾಡುವ ಮೊದಲ ಹಬ್ಬ ಇದು ಎಂದು ನೆನೆದಾಗಲೆಲ್ಲ ನಮ್ಮ ಮನಸ್ಸು ತುಂಬಿ ಬರುತ್ತಿದೆ. ಪುಟ್ಟಿಯ ಪಾಲಿನ ಎಳ್ಳು ಬೆಲ್ಲ ಎತ್ತಿಟ್ಟಿದ್ದೇವೆ. ನಿಮಗೆ ಅನುಕೂಲವಾದ ದಿನ ಹೇಳಿದರೆ ಬಂದು ಕೊಡುತ್ತೇವೆ. ಹಬ್ಬದ ಗಡಿಬಿಡಿಯಲ್ಲಿ ಇದಕ್ಕೆ ಉತ್ತರ ಬರೆಯಬೇಕಾಗಿಲ್ಲ."

ಇದರಲ್ಲಿ "ದತ್ತು" ಎಂಬ ಪದವೇ ಇಲ್ಲ. ಆ ಪದ ಕೆಟ್ಟದ್ದು ಎಂದಲ್ಲ, ಅದನ್ನು ಹೇಳುವ ಹಕ್ಕು ಆ ಮನೆಯವರದು. ಮಗುವಿನ ಹೆಸರನ್ನೂ ಬಿಟ್ಟಿದ್ದೇನೆ. ಕೆಲವರು ಸಂಸ್ಥೆಯಲ್ಲಿದ್ದ ಹೆಸರನ್ನೇ ಉಳಿಸಿಕೊಳ್ಳುತ್ತಾರೆ, ಕೆಲವರು ಬದಲಿಸುತ್ತಾರೆ, ಕೆಲವರು ಎರಡನ್ನೂ ಜೋಡಿಸುತ್ತಾರೆ. ಅವರೇ ಹೆಸರು ಹಿಡಿದು ನಿಮಗೆ ಹೇಳಿದ್ದರೆ ಬರೆಯಿರಿ, ಇಲ್ಲವಾದರೆ ಪುಟ್ಟಿ ಸಾಕು. ಮಗಳ ಬಗ್ಗೆ ಅವರು ಬಳಸದ ಯಾವ ಪದವನ್ನೂ ನೀವು ಬಳಸದಿದ್ದರೆ ಹೆಚ್ಚು ಕಡಿಮೆ ದಾರಿ ತಪ್ಪುವುದಿಲ್ಲ. ಗುಂಪಿನಲ್ಲಂತೂ ಹಾಕಬೇಡಿ. ಇಬ್ಬರಿಗೂ ನೇರವಾಗಿ ಕಳಿಸಿ.

ನಿವೃತ್ತ ಸರ್ಕಾರಿ ನೌಕರರು: ಇದಕ್ಕೆಲ್ಲ ಕಾನೂನೇ ಇದೆ. ಬಾಲನ್ಯಾಯ ಕಾಯ್ದೆ 2015, ಕಲಂ 74. ದತ್ತು ಮಗುವಿನ ಹೆಸರು, ಫೋಟೊ ಯಾರು ಎಲ್ಲಿ ಹಾಕಿದರೂ ಆರು ತಿಂಗಳು ಜೈಲು, ಎರಡು ಲಕ್ಷ ದಂಡ. ಶುಭಾಶಯ ಕಳಿಸುವುದೇ ಅಪಾಯ.

ಸಮಾಜ ಕಾರ್ಯಕರ್ತೆ: ಸರ್, ಕಲಂ ಸರಿ, ಶಿಕ್ಷೆಯೂ ಗರಿಷ್ಠ ಅಷ್ಟೇ. ಜೈಲು, ದಂಡ, ಎರಡರಲ್ಲೊಂದು ಅಥವಾ ಎರಡೂ ಆಗಬಹುದು. ಆದರೆ ಅದು ಪತ್ರಿಕೆ, ಟಿ.ವಿ., ಇತರ ಸಂವಹನ ಮಾಧ್ಯಮಗಳಲ್ಲಿ ವಿಚಾರಣೆ, ತನಿಖೆ, ನ್ಯಾಯಾಂಗ ಪ್ರಕ್ರಿಯೆಗೆ ಸಂಬಂಧಿಸಿದಂತೆ ಮಗುವಿನ ಗುರುತು ಬಯಲು ಮಾಡುವುದರ ಬಗ್ಗೆ ಇರುವ ನಿಷೇಧ. ಸ್ನೇಹಿತರು ಸ್ನೇಹಿತರಿಗೆ ಕಳಿಸುವ ಹಬ್ಬದ ಹಾರೈಕೆಗೆ ಅದು ಅಡ್ಡ ಬರುವುದಿಲ್ಲ. ಭಯದಿಂದ ಜನ ಹಾರೈಸುವುದನ್ನೇ ಬಿಟ್ಟರೆ ಆ ಮನೆ ಹಬ್ಬದ ದಿನ ಒಂಟಿಯಾಗುತ್ತದೆ. ಅದನ್ನೂ ನೋಡಿದ್ದೇನೆ, ಬಹಳ ಸಂಕಟವಾಗುತ್ತದೆ.

ಎಚ್ಚರಿಕೆಗೆ ಬೇರೊಂದು ಕಾರಣವಿದೆ. ಮಗು ನವೆಂಬರ್‌ನಲ್ಲಿ ಬಂದಿದ್ದರೆ ದತ್ತು ಆದೇಶ ಇನ್ನೂ ಕೈಗೆ ಬರದಿರುವ ಸಾಧ್ಯತೆ ಇದೆ. ಮಗು ಮೊದಲು ದತ್ತುಪೂರ್ವ ಪೋಷಣೆಯಲ್ಲಿ ಮನೆಗೆ ಬರುತ್ತದೆ, ಆಮೇಲೆ ಅರ್ಜಿ ಜಿಲ್ಲಾಧಿಕಾರಿಯ ಮುಂದೆ ಹೋಗುತ್ತದೆ. ಮೊದಲು ಇದು ನ್ಯಾಯಾಲಯದಲ್ಲಿ ನಡೆಯುತ್ತಿತ್ತು, 2022ರ ಸೆಪ್ಟೆಂಬರ್‌ನಿಂದ ಜಿಲ್ಲಾಧಿಕಾರಿಗೆ ಬಂದಿದೆ. ಎರಡು ತಿಂಗಳೊಳಗೆ ಮುಗಿಯಬೇಕೆಂಬುದು ನಿಯಮ, ಕೆಲವೊಮ್ಮೆ ಎಳೆಯುತ್ತದೆ. ಆದೇಶ ಬರುವವರೆಗೂ ತಂದೆ ತಾಯಿಯ ಎದೆಯಲ್ಲಿ ಒಂದು ಅಳುಕು ಇದ್ದೇ ಇರುತ್ತದೆ. ಆ ಹೊತ್ತಿನಲ್ಲಿ ಯಾರೋ ಫೋಟೊ ಹಂಚಿ, ಅದರ ಕೆಳಗೆ "ಯಾವ ಊರಿನ ಮಗು, ಯಾವ ಸಂಸ್ಥೆ" ಎಂದು ಪ್ರಶ್ನೆ ಬಂದರೆ ಅವರಿಗೆ ನಿದ್ದೆ ಬರುವುದಿಲ್ಲ. ಫೋಟೊ ಕೇಳಬೇಡಿ ಎನ್ನುವುದು ಅದಕ್ಕೇ. ಅವರಾಗಿ ಕಳಿಸಿದರೆ ನಿಮ್ಮ ಮೊಬೈಲಿನಲ್ಲೇ ಇರಲಿ.

ಹುಬ್ಬಳ್ಳಿಯ ಸದಸ್ಯರು: ನಾವೂ ದತ್ತು ತೆಗೆದುಕೊಳ್ಳಬೇಕೆಂದಿದ್ದೇವೆ. ನನಗೆ 46, ಮನೆಯವರಿಗೆ 41. ಎರಡು ವರ್ಷದೊಳಗಿನ ಮಗು ಸಿಗುತ್ತದೆಯೇ? ಎಷ್ಟು ಕಾಯಬೇಕು?

ಸಮಾಜ ಕಾರ್ಯಕರ್ತೆ: ಸರ್, ಇಲ್ಲಿ ಕೇಳಿದ್ದು ಶುಭಾಶಯದ ವಿಷಯ, ಆದರೂ ಒಂದು ಮಾತು ಹೇಳಿಬಿಡುತ್ತೇನೆ. ಎರಡು ವರ್ಷದೊಳಗಿನ ಮಗುವಿಗೆ ದಂಪತಿಯ ಒಟ್ಟು ವಯಸ್ಸು 85 ದಾಟಬಾರದು, ನಿಮ್ಮದು 87. ಎರಡರಿಂದ ನಾಲ್ಕು ವರ್ಷದ ಮಗುವಿಗೆ 90ರವರೆಗೆ ಅವಕಾಶವಿದೆ. ಉಳಿದದ್ದನ್ನು ಬೇರೆ ಪ್ರಶ್ನೆಯಾಗಿ ಹಾಕಿ, ವಿವರವಾಗಿ ಮಾತಾಡೋಣ.

ಒಬ್ಬ ತಾಯಿ: ನನ್ನ ಮಗಳಿಗೆ ಈಗ ಹನ್ನೊಂದು. ಮೂರು ವರ್ಷದವಳಿದ್ದಾಗ ಮನೆಗೆ ಬಂದಳು. ಆ ವರ್ಷದ ಸಂಕ್ರಾಂತಿಗೆ ಎಲ್ಲರ ಮನೆಯಂತೆ ನಾವೂ ಮಕ್ಕಳಿಗೆ ಎರೆಯುವ ಶಾಸ್ತ್ರ ಇಟ್ಟುಕೊಂಡೆವು. ಹೊಸ ಲಂಗ ಹಾಕಿಸಿ ಮಣೆಯ ಮೇಲೆ ಕೂರಿಸಿದೆ. ನೆಂಟರು, ಅಕ್ಕಪಕ್ಕದವರು, ಮೂವತ್ತು ಜನ ಸುತ್ತ ನಿಂತು ಸೇರಿನಲ್ಲಿ ತುಂಬಿದ ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸನ್ನು ತಲೆಯ ಮೇಲಿಂದ ಸುರಿದರು. ಬೇರೆ ಮಕ್ಕಳು ಕಾಸಿಗೆ ಮುಗಿಬಿದ್ದರು. ನನ್ನ ಮಗಳು ಅಳಲಿಲ್ಲ. ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಹಾಗೆಯೇ ಕುಳಿತಿದ್ದಳು. ಎಲ್ಲರೂ "ಎಷ್ಟು ಜಾಣೆ, ಒಂಚೂರೂ ಹಟವಿಲ್ಲ" ಎಂದರು. ರಾತ್ರಿ ಅವಳ ಮುಷ್ಟಿ ಬಿಡಿಸಿದರೆ ಒಳಗೊಂದು ಎಲಚಿ ಹಣ್ಣು ಹಿಚುಕಿ ಹೋಗಿತ್ತು. ಆ ದಿನ ಯಾರಾದರೂ ಬಾರದೆ ಬರಿಯ ಎರಡು ಸಾಲು ಬರೆದಿದ್ದರೆ ಅವರೇ ನಮಗೆ ಹತ್ತಿರದವರಾಗುತ್ತಿದ್ದರು.

ಸಮಾಜ ಕಾರ್ಯಕರ್ತೆ: ಅಕ್ಕಾ, ಇದನ್ನು ಬರೆದದ್ದು ದೊಡ್ಡ ಉಪಕಾರವಾಯಿತು. ಸಂಸ್ಥೆಯಲ್ಲಿ ಬೆಳೆದ ಮಕ್ಕಳಲ್ಲಿ ಅಳದಿರುವುದು ಅನೇಕ ಸಲ ಜಾಣತನವಲ್ಲ. ಅತ್ತರೆ ಯಾರೋ ಒಬ್ಬರು ಖಂಡಿತ ಬರುತ್ತಾರೆ ಎಂಬ ನಂಬಿಕೆ ಇನ್ನೂ ಹುಟ್ಟಿರುವುದಿಲ್ಲ. ಹಾಗೆಯೇ ಕೆಲವು ಮಕ್ಕಳು ಯಾರು ಕೈ ಚಾಚಿದರೂ ಹೋಗಿಬಿಡುತ್ತಾರೆ. ಬಂದವರಿಗೆ ಅದು ಖುಷಿ, ನಮಗೆ ಅದು ಗಮನಿಸಬೇಕಾದ ಸಂಗತಿ. ಮಗುವಿಗೆ ಇನ್ನೂ ತನ್ನವರು ಯಾರು, ಬೇರೆಯವರು ಯಾರು ಎಂಬ ಗೆರೆ ಮೂಡಿರುವುದಿಲ್ಲ. ಆದ್ದರಿಂದಲೇ ಮೊದಲ ಕೆಲವು ತಿಂಗಳು ಊಟ ಮಾಡಿಸುವುದು, ಎತ್ತಿಕೊಳ್ಳುವುದು, ಮಲಗಿಸುವುದೆಲ್ಲ ಅಪ್ಪ ಅಮ್ಮನ ಕೈಯಲ್ಲೇ ಆಗಲಿ ಎನ್ನುತ್ತೇವೆ.

ಪ್ರಶ್ನೆ ಕೇಳಿದ ಮೇಡಂ, ನೀವು ಹೋದಾಗ ಎಳ್ಳು ಬೆಲ್ಲದ ಪೊಟ್ಟಣವನ್ನು ಮಗುವಿಗಲ್ಲ, ತಾಯಿಯ ಕೈಗೆ ಕೊಡಿ. ಮಗು ಅದನ್ನು ಅಮ್ಮನಿಂದಲೇ ಪಡೆಯಲಿ. ಎರಡೂವರೆ ವರ್ಷದವಳಿಗೆ ಇಡೀ ಕಡಲೆಕಾಯಿ ಬೀಜ, ಕೊಬ್ಬರಿ ಚೂರು ಗಂಟಲಿಗೆ ಸಿಕ್ಕಿಕೊಳ್ಳಬಹುದು. ಅವಳ ಪಾಲನ್ನು ತರಿತರಿಯಾಗಿಯೂ ಬಿಡದೆ ನುಣ್ಣಗೆ ಪುಡಿ ಮಾಡಿ ಬೇರೆ ಕಟ್ಟಿ.

ಒಬ್ಬ ತಂದೆ: ನನ್ನದು ಬೇರೆ ಅನುಭವ. ಮಗನನ್ನು ಕರೆತಂದಾಗ ನಾವೇ ಎಲ್ಲರಿಗೂ ಹೇಳಿಕೊಂಡೆವು. "ನಿಮ್ಮ ಮಗನ ಮೊದಲ ಹಬ್ಬ" ಎಂದು ಊರೆಲ್ಲ ಹಾರೈಸಿದ್ದು ನಮಗೆ ಬಲ ಕೊಟ್ಟಿತು. ಬಂಧುಗಳು ಪಿಸುಗುಟ್ಟುವುದಕ್ಕಿಂತ ಎದುರಿಗೆ ಸಂಭ್ರಮಿಸುವುದು ಮೇಲು. ಗುಟ್ಟು ಮಾಡಿದರೆ ಮಗುವಿಗೆ ಇದು ನಾಚಿಕೆಯ ವಿಷಯವೆಂದು ಅನಿಸುವುದಿಲ್ಲವೇ?

ಒಬ್ಬ ತಾಯಿ: ಅಣ್ಣಾ, ನಾವು ಮಗಳಿಂದ ಏನನ್ನೂ ಮುಚ್ಚಿಟ್ಟಿಲ್ಲ. ಅವಳಿಗೆ ಅವಳ ಕಥೆ ಮೊದಲಿನಿಂದ ಗೊತ್ತು. ಊರಿಗೆ ಹೇಳುವುದೋ ಬೇಡವೋ ಎಂಬುದು ಅವಳು ದೊಡ್ಡವಳಾದ ಮೇಲೆ ಅವಳೇ ನಿರ್ಧರಿಸಲಿ ಎಂದು ಬಿಟ್ಟಿದ್ದೇವೆ.

ಸಮಾಜ ಕಾರ್ಯಕರ್ತೆ: ನಾನು ನೋಡಿದ ಮನೆಗಳಲ್ಲಿ ಎರಡು ರೀತಿಯವರೂ ಚೆನ್ನಾಗಿ ಮಕ್ಕಳನ್ನು ಬೆಳೆಸಿದ್ದಾರೆ. ಮಗುವಿಗೆ ಹೇಳಲೇಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಊರಿಗೆ ಎಷ್ಟು ಎಂಬುದನ್ನು ಹೊರಗಿನವಳಾಗಿ ನಾನು ತೀರ್ಮಾನಿಸಲಾರೆ. ಈ ದಂಪತಿ ಕೆಲವರಿಗೆ ಮಾತ್ರ ಹೇಳಿದ್ದಾರೆ, ಆದ್ದರಿಂದ ಅಷ್ಟರಲ್ಲೇ ನಿಲ್ಲೋಣ.

ಪ್ರಶ್ನೆ ಕೇಳಿದ ಸದಸ್ಯೆ (ಹಬ್ಬದ ಮೂರನೆಯ ದಿನ): ಮೇಡಂ ಬರೆದ ಸಾಲುಗಳನ್ನೇ ಸ್ವಲ್ಪ ನನ್ನ ಮಾತಿಗೆ ಹೊಂದಿಸಿ ಇಬ್ಬರಿಗೂ ಕಳಿಸಿದೆ. ಎರಡು ದಿನ ಸದ್ದಿಲ್ಲ. ಇಂದು ಬೆಳಿಗ್ಗೆ ಗೆಳತಿಯಿಂದ ಧ್ವನಿ ಸಂದೇಶ ಬಂತು. ಈ ಸಲ ಎರೆಯುವ ಶಾಸ್ತ್ರವನ್ನು ಬಾಗಿಲು ಹಾಕಿಕೊಂಡು ಮೂವರೇ ಮಾಡಿದರಂತೆ, ಮಗಳು ಹಣ್ಣುಗಳನ್ನು ಹೆಕ್ಕಿ ಅಪ್ಪನ ತಲೆಯ ಮೇಲೆ ಸುರಿದಳಂತೆ. ಹಿನ್ನೆಲೆಯಲ್ಲಿ ಅವಳು "ಇನ್ನೊಂದು, ಇನ್ನೊಂದು" ಎನ್ನುವುದು ಕೇಳಿಸಿತು. ಮುಂದಿನ ಭಾನುವಾರ ಅರ್ಧ ಗಂಟೆ ಬನ್ನಿ ಎಂದಿದ್ದಾರೆ. ಎಳ್ಳು ಬೆಲ್ಲ ಪುಡಿ ಮಾಡಿ ಕಟ್ಟಿಟ್ಟಿದ್ದೇನೆ. ಸಕ್ಕರೆ ಅಚ್ಚಿನ ಗಿಳಿಯೊಂದನ್ನೂ ತೆಗೆದುಕೊಂಡು ಹೋಗಬಹುದೇ, ಅದೂ ಗಟ್ಟಿಯಾಯಿತೇ?

ಸಮಾಜ ಕಾರ್ಯಕರ್ತೆ: ತಿನ್ನುವುದಕ್ಕೆ ಗಟ್ಟಿ, ನೋಡುವುದಕ್ಕೆ ಕೊಡಿ. ತಾಯಿ ಅದನ್ನು ಎತ್ತರದ ಗೂಡಿನಲ್ಲಿ ಇಡಲಿ.