ಹಾಲು ಆರುವ ಲೆಕ್ಕ: ಎರಡನೇ ಹೆಜ್ಜೆಯಲ್ಲಿ ತಾಪ ಏರುತ್ತಿದೆ, ಏಕೆ?

ಪ್ರಶ್ನೆ (ಬಿಎಸ್‌ಸಿ ವಿದ್ಯಾರ್ಥಿನಿ): ಕಾಯಿಸಿದ ಹಾಲು 90 ಡಿಗ್ರಿಯಿಂದ ಹೆಪ್ಪು ಹಾಕುವ 42 ಡಿಗ್ರಿಗೆ ಯಾವಾಗ ಬರುತ್ತದೆ ಅಂತ ಎಕ್ಸೆಲ್‌ನಲ್ಲಿ ನೋಡುತ್ತಿದ್ದೇನೆ. ನನಗೆ ಪ್ರೋಗ್ರಾಮಿಂಗ್ ಬರಲ್ಲ. A ಸಮಯ, B ತಾಪ, C ತಾಪ ಬದಲಾಗುವ ದರ. E1ರಲ್ಲಿ ಹೆಜ್ಜೆ 5 ನಿಮಿಷ, E2ರಲ್ಲಿ ಹಾಲು ಆರುವ ಸ್ಥಿರಾಂಕ 0.04, E3ರಲ್ಲಿ ಕೋಣೆಯ ತಾಪ 26, E4ರಲ್ಲಿ 90. ಮೊದಲು 77.2 ಬಂತು. ಕೆಳಗೆ ಎಳೆದರೆ 90.512! ಹಾಲು ತಾನಾಗಿಯೇ ಬಿಸಿಯಾಗುತ್ತಾ ಸರ್?

```
C2: =-E2*(B2-E3)
B3: =B2+E1*C2
```

ಎಂಜಿನಿಯರಿಂಗ್ ವಿದ್ಯಾರ್ಥಿ: ಹೆಜ್ಜೆ ದೊಡ್ಡದಾಯ್ತು ಅಕ್ಕ. 5ರ ಬದಲು 1 ಹಾಕಿ, ಸರಿಹೋಗುತ್ತೆ.

ಗಣಿತ ಮೇಷ್ಟ್ರು: ಹೆಜ್ಜೆ ಚಿಕ್ಕದಾದರೆ ಉತ್ತರ ಸುಧಾರಿಸುತ್ತದೆ, ಅದು ನಿಜ. ಆದರೆ ಇಲ್ಲಿ 1 ಹಾಕಿದರೂ ಎರಡನೇ ಹೆಜ್ಜೆಯಲ್ಲಿ ಹಾಲು ಬಿಸಿಯಾಗುತ್ತದೆ. C3 ಮೇಲೆ ಎರಡು ಸಲ ಕ್ಲಿಕ್ ಮಾಡಮ್ಮ. ಬಣ್ಣದ ಚೌಕಗಳು ಯಾವ ಸೆಲ್ ಮೇಲೆ ನಿಂತಿವೆ ನೋಡು. ಎಳೆದಾಗ E2 ಹೋಗಿ E3 ಆಗಿದೆ, E3 ಹೋಗಿ E4 ಆಗಿದೆ. ಅಂದರೆ 0.04 ಇರಬೇಕಾದ ಜಾಗಕ್ಕೆ ಕೋಣೆಯ 26 ಬಂದು ಕೂತಿದೆ. ಮೈನಸ್ 26 ಗುಣಿಸು (77.2 ಕಳೆ 90), ಒಟ್ಟು 332.8. ದರ ಪ್ಲಸ್ ಆಯ್ತು. ಮುಂದಿನ ಸಾಲಿನಲ್ಲಿ E1 ಕೂಡ E2 ಆಗಿರುವುದರಿಂದ 0.04 ಗುಣಿಸು 332.8, ಅಂದರೆ 13.312 ಕೂಡಿತು. ಅದೇ ನಿನ್ನ 90.512.

ಕದಲಬಾರದ ಸೆಲ್‌ಗಳಿಗೆಲ್ಲ ಡಾಲರ್ ಹಾಕು. ಫಾರ್ಮುಲಾದಲ್ಲಿ ಆ ಹೆಸರಿನ ಮೇಲೆ ಕರ್ಸರ್ ಇಟ್ಟು F4 ಒತ್ತಿದರೆ ತಾನೇ ಬರುತ್ತದೆ. B, C ಕಾಲಮ್ಮಿನವು ಮಾತ್ರ ಸಾಲಿನ ಜೊತೆ ಇಳಿಯಬೇಕು, ಅವಕ್ಕೆ ಬೇಡ.

```
A3: =A2+$E$1
B2: =$E$4
C2: =-$E$2*(B2-$E$3)
B3: =B2+$E$1*C2
```

B3 ಯಾವಾಗಲೂ ಮೇಲಿನ ಸಾಲಿನ C2ವನ್ನೇ ನೋಡಬೇಕು. ಈಗಿನ ತಾಪ, ಈಗಿನ ದರ ಇಟ್ಟುಕೊಂಡು ಒಂದು ಹೆಜ್ಜೆ ಮುಂದೆ ಹೋಗುತ್ತಿದ್ದೇವೆ, ಅಷ್ಟೇ. ತಪ್ಪಿ C3 ಬರೆದರೆ B3ಗೆ C3 ಬೇಕು, C3ಗೆ B3 ಬೇಕು. ಸುತ್ತಿಬಂದು ಸಿಕ್ಕಿಕೊಂಡಿದೆ ಅಂತ ಎಕ್ಸೆಲ್ ಎಚ್ಚರಿಕೆ ಕೊಡುತ್ತದೆ.

ನೀರಿನ ಟ್ಯಾಂಕಿನವರು: ನನ್ನದೂ ಇದೇ ಸಮಸ್ಯೆ ಇರಬೇಕು. ಟ್ಯಾಂಕಿನ ತಳದ ತೂತಿನಿಂದ ನೀರು ಹೋಗುವ ಲೆಕ್ಕ. ದರದಲ್ಲಿ ನೀರಿನ ಎತ್ತರದ SQRT ಇದೆ. ಕೊನೆಯಲ್ಲಿ `#NUM!` ಬರ್ತಿದೆ. ಡಾಲರ್ ಎಲ್ಲಾ ಹಾಕಿದ್ದೀನಿ.

ಗಣಿತ ಮೇಷ್ಟ್ರು: ನಿಮ್ಮದು ಬೇರೆ. ಕೊನೆಯ ಹೆಜ್ಜೆಯಲ್ಲಿ ಇರುವ ನೀರಿಗಿಂತ ಜಾಸ್ತಿ ಕಳೆದುಬಿಟ್ಟಿದ್ದೀರಿ. ಎತ್ತರ ಸೊನ್ನೆಗಿಂತ ಕೆಳಗೆ ಹೋಯ್ತು, ಅದಕ್ಕೆ SQRT ಸಿಗಲ್ಲ. B3ಯಲ್ಲಿ `=MAX(0,B2+$E$1*C2)` ಬರೆದು ಕೆಳಗೆ ಎಳೆಯಿರಿ. ಸೊನ್ನೆಗೆ ಬಂದ ಮೇಲೆ ದರವೂ ಸೊನ್ನೆ, ಅಲ್ಲೇ ನಿಲ್ಲುತ್ತದೆ.

ವಿದ್ಯಾರ್ಥಿನಿ: ಸರಿಯಾಯ್ತು ಸರ್! 30ನೇ ನಿಮಿಷಕ್ಕೆ 42.78, 35ಕ್ಕೆ 39.42. ಇದನ್ನು ಎಷ್ಟು ನಂಬಬಹುದು?

ಗಣಿತ ಮೇಷ್ಟ್ರು: E1ರಲ್ಲಿ 2.5 ಹಾಕಿ, ಸಾಲುಗಳನ್ನು ಇನ್ನಷ್ಟು ಎಳೆದು, ಅದೇ 35ನೇ ನಿಮಿಷ ನೋಡು. 40.64 ಬರುತ್ತದೆ. 1.22 ಮೇಲೆ ಬಂತು ಅಲ್ವಾ? ಈ ವಿಧಾನದಲ್ಲಿ ಹೆಜ್ಜೆ ಅರ್ಧ ಮಾಡಿದರೆ ತಪ್ಪೂ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಹಾಗಾಗಿ ಉಳಿದಿರುವ ತಪ್ಪೂ ಸುಮಾರು 1.22 ಇರಬೇಕು. ಕೂಡಿದರೆ 41.86. ಈ ಸಮೀಕರಣಕ್ಕೆ ಸೂತ್ರದಿಂದಲೇ ಉತ್ತರ ಸಿಗುತ್ತದೆ, ಅದು 41.78. ಸೂತ್ರ ಸಿಗದ ಲೆಕ್ಕಗಳಲ್ಲೂ ಹೀಗೆ ಅರ್ಧ ಮಾಡಿ ನೋಡುವುದೇ ನಾನು ನಂಬುವ ಪರೀಕ್ಷೆ.

ಉತ್ತರ ಸ್ವಲ್ಪ ಕೆಳಗೇ ಏಕೆ ಬರುತ್ತದೆ ಗೊತ್ತಾ? ಹೆಜ್ಜೆಯ ಶುರುವಿನಲ್ಲಿ ಹಾಲು ಬೇಗ ಆರುತ್ತಿರುತ್ತದೆ. ಆಮೇಲೆ ನಿಧಾನವಾಗುತ್ತದೆ. ನಾವು ಶುರುವಿನ ದರವನ್ನೇ ಐದೂ ನಿಮಿಷಕ್ಕೆ ಹಾಕಿಬಿಡುತ್ತೇವೆ.

ಎಂಜಿನಿಯರಿಂಗ್ ವಿದ್ಯಾರ್ಥಿ: ಹಾಗಾದರೆ ದೊಡ್ಡ ಹೆಜ್ಜೆ ಹಾಕಿದರೆ ಉತ್ತರ ಒರಟು, ಅಷ್ಟೇ ತಾನೇ ಸರ್?

ಗಣಿತ ಮೇಷ್ಟ್ರು: ಅಷ್ಟೇ ಅಲ್ಲಪ್ಪ. 30 ಹಾಕು. ಮೊದಲ ಹೆಜ್ಜೆಗೇ 13.2 ಬರುತ್ತದೆ. 26ರ ಕೋಣೆಯಲ್ಲಿಟ್ಟ ಹಾಲು ಅಷ್ಟು ತಣ್ಣಗಾಗುವುದು ಹೇಗೆ? 60 ಹಾಕಿದರೆ ಮೈನಸ್ 63.6, ಅದರ ಮುಂದೆ 151.44. ಹೆಜ್ಜೆ ಮತ್ತು 0.04 ಗುಣಿಸಿದ್ದು 1 ದಾಟಿದರೆ ಕೋಣೆಯ ತಾಪದ ಕೆಳಗೆ ಹಾರುತ್ತದೆ, 2 ದಾಟಿದರೆ ಆಚೀಚೆ ಜಿಗಿಯುತ್ತಾ ಸಿಡಿದುಹೋಗುತ್ತದೆ.

ವಿದ್ಯಾರ್ಥಿನಿ: ಥರ್ಮಾಮೀಟರ್ ಇಟ್ಟು ನೋಡಿದೆ ಸರ್. 10ನೇ ನಿಮಿಷಕ್ಕೆ 64 ಇತ್ತು, 2.5ರ ಹೆಜ್ಜೆಯಲ್ಲಿ 67.99 ಬರುತ್ತೆ. 35ಕ್ಕೆ ಮಾತ್ರ 41, ಹತ್ತಿರ ಇದೆ. ಹೆಜ್ಜೆ ಇನ್ನೂ ಚಿಕ್ಕದು ಮಾಡಲಾ?

ಗಣಿತ ಮೇಷ್ಟ್ರು: ಬೇಡ, ಹೆಜ್ಜೆ ಚಿಕ್ಕದಾದರೆ 10ನೇ ನಿಮಿಷದ ಲೆಕ್ಕ 68.9ರ ಕಡೆಗೆ, ಅಂದರೆ ಇನ್ನೂ ಮೇಲಕ್ಕೆ ಹೋಗುತ್ತದೆ. ತಪ್ಪು ಹೆಜ್ಜೆಯದಲ್ಲ, 0.04 ಎಂಬ ಒಂದೇ ಸಂಖ್ಯೆಯದು ಅನ್ನಿಸುತ್ತದೆ. ತುಂಬಾ ಬಿಸಿ ಇರುವಾಗ ಹಬೆಯ ಜೊತೆಗೂ ಶಾಖ ಹೋಗುತ್ತದೆ. ಪಾತ್ರೆ ತೆರೆದಿತ್ತಾ?

ವಿದ್ಯಾರ್ಥಿನಿ: ಹೌದು, ತೆರೆದಿತ್ತು.

ನೀರಿನ ಟ್ಯಾಂಕಿನವರು: ಕೆನೆ ಕಟ್ಟಿದ ಮೇಲೆ ಹಬೆ ಕಮ್ಮಿಯಾಗುತ್ತೆ ಅಲ್ವಾ? ಅದೂ ಕಾರಣ ಇರಬಹುದು.

ಗಣಿತ ಮೇಷ್ಟ್ರು: ಇರಬಹುದು, ಅಳೆಯದೆ ಹೇಳಲಾರೆ. ಮುಚ್ಚಳ ಹಾಕಿ ಇನ್ನೊಂದು ಸಲ ಅಳೆದು, ಎರಡೂ ಕಾಲಂ ಇಲ್ಲಿ ಹಾಕಮ್ಮ.