ಉಪನಿಷತ್ತಿನ ಗದ್ಯ, ಮಕ್ಕಳ ಬಾಯಿಗೆ

ಶಿರಸಿಯ ಅಕ್ಕೋರು: ತೈತ್ತಿರೀಯದ ಶಿಕ್ಷಾವಲ್ಲಿಯಲ್ಲಿ ಗುರು ಶಿಷ್ಯನಿಗೆ ದಾನದ ಬಗ್ಗೆ ಹೇಳುವ ಮಾತನ್ನು ಭಾನುವಾರದ ಮಕ್ಕಳಿಗೆ ಕನ್ನಡ ಪದ್ಯ ಮಾಡ್ತಾ ಇದ್ದೇನೆ. "ಶ್ರದ್ಧೆಯಿಂದ ದಾನವನ್ನು ಕೊಡಬೇಕಣ್ಣ / ಶ್ರದ್ಧೆಯಿಲ್ಲದೆ ಎಂದೂ ಕೊಡಬಾರದಣ್ಣ". ಪ್ರಾಸ ಇದೆ, ಆದರೂ ಮಕ್ಕಳು ಎಡವುತ್ತಾರೆ. ಯಾಕೆ?

ಹೊನ್ನಾವರದ ಮಾಣಿ: ಭಾಮಿನಿ ಷಟ್ಪದಿಗೆ ಹಾಕಿ ಅಕ್ಕೋರೆ. ಮೂರು-ನಾಲ್ಕರ ನಡೆ ನಮ್ಮ ಕಿವಿಗೆ ಹುಟ್ಟಿನಿಂದಲೇ ಗೊತ್ತು.

ಕುಮಟೆ ಭಾಗವತ: ನಡೆ ಗೊತ್ತು ಮಾಣಿ, ಆದರೆ ಭಾಮಿನಿಯ 3 ಮತ್ತು 6ನೇ ಸಾಲು ಉಳಿದವಕ್ಕಿಂತ ಒಂದೂವರೆ ಪಟ್ಟಿಗೂ ಉದ್ದ. ಎರಡನೇ ಕ್ಲಾಸಿನ ಮಗುವಿಗೆ ಅಲ್ಲೇ ಉಸಿರು ಕಟ್ಟುತ್ತದೆ.

ಅಕ್ಕೋರೆ, ನಿಮ್ಮ ಎರಡೂ ಸಾಲು ಲೆಕ್ಕಕ್ಕೆ 19 ಮಾತ್ರೆಯೇ. ಆದರೆ ಮೂರಕ್ಕೊಂದು ಚಪ್ಪಾಳೆ ಹಾಕಿ ನೋಡಿ. "ಶ್ರದ್ಧೆ, ಯಿಂದ, ದಾನ, ವನ್ನು" ಸರಿಯಾಗಿ ಬೀಳುತ್ತದೆ. "ಕೊಡಬೇ" ಹತ್ತಿರ ಚಪ್ಪಾಳೆ "ಬೇ" ಎಂಬ ದೀರ್ಘದ ಹೊಟ್ಟೆಯಲ್ಲಿ ಬೀಳುತ್ತದೆ. ಮಕ್ಕಳು ಎಡವುವುದು ಅಲ್ಲೇ. "ಅಣ್ಣ" ಬರೀ ಜಾಗ ತುಂಬಲು ಬಂದದ್ದು, ಅದನ್ನು ಬಿಡಿ. ಮೂಲದಲ್ಲಿ ಪ್ರತಿ ತುಂಡೂ "ದೇಯಂ" ಎಂದೇ ಮುಗಿಯುತ್ತದೆ, ಅದೇ ಬಾಲವನ್ನು ಹಿಡಿದುಕೊಳ್ಳಿ:

ಶ್ರದ್ಧೆಯಿಂದ ನೀಡು ನೀನು,
ಶ್ರದ್ಧೆ ಇರದೆ ನೀಡಬೇಡ.
ಸಿರಿಗೆ ತಕ್ಕ ಹಾಗೆ ನೀಡು,
ಅರಿತು ನಾಚಿ ಅಂಜಿ ನೀಡು.

ಸಾಲಿಗೆ ಮೂರರ ನಾಲ್ಕು ಗಣ. "ಸಿರಿ", "ಅರಿ" ಎರಡನೇ ಅಕ್ಷರದಲ್ಲೇ ಕೂಡುತ್ತವೆ, ಕೊನೆಯ ಪ್ರಾಸಕ್ಕೆ ಒದ್ದಾಡಬೇಕಿಲ್ಲ.

ಕಾರವಾರದಿಂದ ಒಬ್ಬಳು: ವೇದಕ್ಕೆ ಉದಾತ್ತ, ಅನುದಾತ್ತ ಅಂತೆಲ್ಲ ಸ್ವರ ಇದೆಯಲ್ಲ! ಪ್ರಾಸ ಹಾಕಿ ತಿದ್ದಿದರೆ ಅದರ ಗತಿ ಏನು?

ಶಿರಸಿಯ ಅಕ್ಕೋರು: ಮೂಲವನ್ನು ಮುಟ್ಟುತ್ತಿಲ್ಲ ತಂಗಿ. ಅದನ್ನು ಭಟ್ರು ಸ್ವರದಲ್ಲೇ ಹೇಳಿಕೊಡ್ತಾರೆ. ಇದು ಅರ್ಥ ನೆನಪಿಡಲಿಕ್ಕೆ.

ಅಂಕೋಲೆಯ ಅಪ್ಪ: ನಮ್ಮ ಮಗ "ಮಾತೃದೇವೋ ಭವ"ದ ನಾಲ್ಕೂ ಮಾತು ಪದ್ಯವಿಲ್ಲದೆಯೇ ಕಲಿತ. ಇಷ್ಟು ಕಷ್ಟ ಯಾಕೆ ಮಾರಾಯ್ರೆ?

ಕುಮಟೆ ಭಾಗವತ: ಅದಕ್ಕೂ "ದೇವೋ ಭವ" ಎಂಬ ಬಾಲ ಇದೆ. ಮುಂದಿನ "ಯಾನ್ಯನವದ್ಯಾನಿ ಕರ್ಮಾಣಿ" ಹೇಳಿಸಿ ನೋಡಿ, ಆಮೇಲೆ ಮಾತಾಡುವ.

ಸಿದ್ದಾಪುರದ ಹೆಗಡೆ: ಭಾಗವತರೆ, ಮೂಲದ ಅನುಕ್ರಮ ಶ್ರಿಯಾ, ಹ್ರಿಯಾ, ಭಿಯಾ, ಸಂವಿದಾ. ಕೊನೆಯದಾದ ಅರಿವನ್ನು ನೀವು ಪ್ರಾಸಕ್ಕಾಗಿ ನಾಚಿಕೆಗಿಂತ ಮೊದಲು ತಂದಿರಿ. ದೊಡ್ಡವನಾದ ಮೇಲೆ ಮೂಲ ಕಲಿಯುವ ಹುಡುಗ ಅಲ್ಲೇ ತಡವರಿಸುತ್ತಾನೆ.

ಕುಮಟೆ ಭಾಗವತ: ಹೌದು. "ನಾಚಿ ಅಂಜಿ ಅರಿತು ನೀಡು" ಅಂದರೆ ಅನುಕ್ರಮ ಸರಿ, ಗಣವೂ ಸರಿ, "ಸಿರಿ"ಯ ಪ್ರಾಸ ಹೋಗುತ್ತದೆ. ನಾನಾದರೆ ಪ್ರಾಸವನ್ನೇ ಉಳಿಸಿಕೊಳ್ಳುತ್ತೇನೆ.

ಸಿದ್ದಾಪುರದ ಹೆಗಡೆ: ನಾನು ಅನುಕ್ರಮವನ್ನು.

ಶಿರಸಿಯ ಅಕ್ಕೋರು: ಇವತ್ತು ಹೇಳಿಸಿದೆ. ಚಪ್ಪಾಳೆ ತಪ್ಪಲಿಲ್ಲ. ಹೊಸ ತೊಂದರೆ ಅಂದ್ರೆ, ಎರಡೂ ಸಾಲು "ಶ್ರದ್ಧೆ"ಯಿಂದ ಶುರುವಾಗುವುದರಿಂದ ಮಕ್ಕಳು ಮೊದಲನೆಯದು ಹೇಳಿ ಸೀದಾ "ಸಿರಿಗೆ"ಗೆ ಹಾರುತ್ತಾರೆ. "ಬೇಡ" ಅನ್ನುವ ಸಾಲೇ ಮಾಯ.

ಕುಮಟೆ ಭಾಗವತ: ಹಾಗಾದರೆ ಎರಡನೆಯದನ್ನು "ಮನಸು ಇಲ್ಲದಾಗ ಬೇಡ" ಮಾಡಿ. ಅಲ್ಲಿ ಪ್ರಾಸ ಬಿಟ್ಟರೂ ಅಡ್ಡಿಲ್ಲೆ.

ಸಿದ್ದಾಪುರದ ಹೆಗಡೆ: ಅಲ್ಲಿ ಬಿಡಬಹುದಾದರೆ ಇಲ್ಲಿ ಯಾಕೆ ಬಿಡಬಾರದು?