ಫ್ಯಾಕ್ಟರಿಯ ಕೊಳೆನೀರು ಶುದ್ಧ ಮಾಡುವ ಇಟಿಪಿ ಟ್ಯಾಂಕ್ ನೋಡೋಕೆ ವೆಂಡರ್ ಬರ್ತಾರೆ, ಗೇಟ್‌ನಲ್ಲಿ ಏನೇನು ಹೇಳಬೇಕು?

ಪರ್ಚೇಸ್ ಹುಡುಗ: ಗುರುವಾರ ಇಟಿಪಿ ಟ್ಯಾಂಕ್ ಕ್ಲೀನಿಂಗ್‌ಗೆ ಕೊಟೇಶನ್ ಕೊಡೋಕೆ ಮೂರು ಜನ ಬರ್ತಾರೆ. ಕೆಸರು ಎಷ್ಟಿದೆ ಅಂತ ಒಳಗಿಳಿದು ನೋಡ್ತೀವಿ, ಐದೇ ನಿಮಿಷ ಅಂದಿದ್ದಾರೆ. ಅವರಿಗೆ ಏನು ಕಳಿಸಬೇಕು ಸರ್?

ಸೇಫ್ಟಿ ಆಫೀಸರ್: ಇಳಿಯುವ ಹಾಗಿಲ್ಲ. ಇದನ್ನು ಮೊದಲು ಫೋನ್ ಮಾಡಿ ಹೇಳಿ, ಆಮೇಲೆ ಮೆಸೇಜ್ ಹಾಕಿ. ವಿಸಿಟರ್ ಪಾಸ್ ಅಂದರೆ ನೋಡುವ ಪಾಸ್, ಕೆಲಸದ ಪಾಸ್ ಅಲ್ಲ. ಐದು ನಿಮಿಷ ಅಂದವರನ್ನೇ ಹೊತ್ತು ತಂದದ್ದನ್ನು ನಾನು ನೋಡಿದ್ದೇನೆ. ಆ ಟ್ಯಾಂಕ್‌ನ ತಳದಲ್ಲಿ ಹೈಡ್ರೋಜನ್ ಸಲ್ಫೈಡ್ ಕೂತಿರುತ್ತದೆ, ಗಾಳಿಗಿಂತ ಭಾರ. ಕೊಳೆತ ಮೊಟ್ಟೆ ವಾಸನೆ ಬಂದರೆ ಗೊತ್ತಾಗುತ್ತೆ ಅಂದುಕೊಳ್ಳಬೇಡಿ. 100 ಪಿಪಿಎಂ ಸುತ್ತ ಮೂಗೇ ಸತ್ತುಹೋಗುತ್ತದೆ, ವಾಸನೆ ನಿಂತಿತು ಅಂದರೆ ಗ್ಯಾಸ್ ಹೋಯಿತು ಅಂತಲ್ಲ.

ಕೆಸರು ಅಳೆಯೋಕೆ ಒಳಗಿಳಿಯಬೇಕಾಗಿಯೇ ಇಲ್ಲ. ನಿಮ್ಮ ಟ್ಯಾಂಕ್ ಡ್ರಾಯಿಂಗ್ ಕೊಡಿ. ಗುರುತು ಹಾಕಿದ ಉದ್ದದ ಪೈಪನ್ನು ಮ್ಯಾನ್‌ಹೋಲ್‌ನಿಂದ ಇಳಿಸಿದರೆ ಕೆಸರು ಮುಟ್ಟಿದ ಕಡೆ ತಡೆಯುತ್ತದೆ, ಅಲ್ಲಿಂದ ತಳದವರೆಗಿನ ಅಳತೆ ಬರೆದುಕೊಳ್ಳಿ. ಉದಾಹರಣೆಗೆ 4 ಮೀಟರ್ ಉದ್ದ, 3 ಮೀಟರ್ ಅಗಲದ ಟ್ಯಾಂಕ್, ಕೆಸರು 80 ಸೆಂಟಿಮೀಟರ್ ಅಂದರೆ ಹತ್ತಿರ ಹತ್ತಿರ 9,600 ಲೀಟರ್. 5,000 ಲೀಟರ್ ಟ್ಯಾಂಕರ್ ಆದರೆ ಎರಡು ಟ್ರಿಪ್. ಕೊಟೇಶನ್‌ಗೆ ಇಷ್ಟು ಸಾಕಲ್ವಾ?

ಆದರೆ ಪೈಪ್ ಚುಚ್ಚಿದಾಗ ಕೆಸರು ಕದಡಿ ಅಡಗಿದ್ದ ಗ್ಯಾಸ್ ಮೇಲೆ ಬರುತ್ತದೆ. ಅದಕ್ಕೆ ಮುಚ್ಚಳ ಮೊದಲೇ ತೆಗೆದಿಡಿ, ಸುತ್ತ ಬ್ಯಾರಿಕೇಡ್ ಹಾಕಿ. ಗಾಳಿ ಬೆನ್ನಿಗೆ ಬೀಸುವ ಕಡೆ ನಿಲ್ಲಿಸಿ, ಬಾಯಿ ಬಳಿ ಬಗ್ಗಿ ನೋಡುವುದು ಬೇಡ. ಗ್ಯಾಸ್ ಮೀಟರ್‌ನ ಟ್ಯೂಬನ್ನು ಪೈಪ್‌ಗಿಂತ ಮೊದಲು ಬಿಡಿ, ಮೇಲೆ, ಮಧ್ಯ, ತಳ ಮೂರೂ ಕಡೆ ಓದಿ. ಅಲಾರಂ ಆದರೆ ಅವತ್ತಿಗೆ ಅಳತೆ ಇಲ್ಲ, ಹಿಂದಕ್ಕೆ ಸರಿಯಿರಿ. ಮೊಬೈಲ್ ಒಳಗೆ ಹಿಡಿದು ಫೋಟೋ ತೆಗೆಯೋದೂ ಬೇಡ, ಮಿಥೇನ್ ಇರಬಹುದು.

ಹಳೇ ಸೂಪರ್‌ವೈಸರ್: ಮೀಟರ್ ಎಲ್ಲಾ ಕಂಪನಿಯಲ್ಲೂ ಇರಲ್ಲ. ನಾವು ಮೊಂಬತ್ತಿ ಹಚ್ಚಿ ಇಳಿಸ್ತಿದ್ವಿ. ಉರಿದರೆ ಸೇಫ್. ಗ್ರೂಪ್‌ನಲ್ಲೂ ಈ ಫಾರ್ವರ್ಡ್ ಬಂದಿದೆ.

ಸೇಫ್ಟಿ ಆಫೀಸರ್: ಆ ಫಾರ್ವರ್ಡ್ ಡಿಲೀಟ್ ಮಾಡಿ. ಮೊಂಬತ್ತಿ ಆಮ್ಲಜನಕ ತುಂಬಾ ಕಮ್ಮಿಯಾದ ಮೇಲೆ ಆರುತ್ತದೆ, ನಾವು 19.5% ಕೆಳಗೇ ಯಾರನ್ನೂ ಬಿಡಲ್ಲ. ವಿಷದ ಗ್ಯಾಸ್ ಇದ್ದರೂ ಅದು ಉರಿಯುತ್ತಲೇ ಇರುತ್ತೆ. ಮಿಥೇನ್ ಇದ್ದರೆ ಮೊಂಬತ್ತಿ ಇಳಿಸಿದವನೇ ಮೊದಲು ಹೋಗುತ್ತಾನೆ. ಮೀಟರ್ ಬಾಡಿಗೆಗೆ ಸಿಗುತ್ತೆ.

ಹಳೇ ಸೂಪರ್‌ವೈಸರ್: ಮೂವತ್ತು ವರ್ಷದಲ್ಲಿ ನಮಗೇನೂ ಆಗಿಲ್ಲ.

ಮೆಂಟೇನೆನ್ಸ್‌ನವರು: ನಿಮಗಾಗಿಲ್ಲ ಅಣ್ಣ, ಆದವರು ಬಂದು ಗ್ರೂಪ್‌ನಲ್ಲಿ ಬರೆಯೋಲ್ಲ.

ಹಳೇ ಸೂಪರ್‌ವೈಸರ್: ನೀವು ಹುಟ್ಟೋ ಮುಂಚೆ ಫ್ಯಾಕ್ಟರಿ ನೋಡಿದವರು ನಾವು.

ಪರ್ಚೇಸ್ ಹುಡುಗ: ಸರ್, ಮೆಸೇಜ್ ಹೀಗಿದ್ರೆ ಸಾಕಾ? "ಗುರುವಾರ 10.30ಕ್ಕೆ ಬನ್ನಿ, ಶೂ ಹಾಕಿಕೊಳ್ಳಿ."

ಸೇಫ್ಟಿ ಆಫೀಸರ್: ಸಾಲದು. ಮ್ಯಾಪ್‌ನಲ್ಲಿ ನಿಮ್ಮ ಕಂಪನಿ ಹೆಸರು ಹಾಕಿದರೆ ಹಿಂದಿನ ಮಟೀರಿಯಲ್ ಗೇಟ್‌ಗೆ ಕರೆದೊಯ್ಯುತ್ತೆ, ಅಲ್ಲಿ ವಾಚ್‌ಮನ್‌ಗೆ ಏನೂ ಗೊತ್ತಿರಲ್ಲ. ಹೀಗೆ ಬರೆಯಿರಿ:

"ಎರಡನೇ ಗೇಟ್‌ಗೆ ಬನ್ನಿ. ಬರುವವರ ಹೆಸರು, ಗಾಡಿ ನಂಬರ್ ಹಿಂದಿನ ದಿನ ಸಂಜೆ 4ರೊಳಗೆ ಕಳಿಸಿ, ಗುರುತಿನ ಚೀಟಿ ತನ್ನಿ. ಸೇಫ್ಟಿ ಶೂ, ಹೆಲ್ಮೆಟ್ ನಿಮ್ಮದೇ ಇರಲಿ. ಟ್ಯಾಂಕ್ ಒಳಗೆ ಪ್ರವೇಶವಿಲ್ಲ. ಗೇಟ್‌ನಲ್ಲಿ 10 ನಿಮಿಷ ಸೇಫ್ಟಿ ಮಾತು ಇರುತ್ತೆ, ಆಮೇಲೆ ಒಬ್ಬರು ಪೂರ್ತಿ ಜೊತೆಗಿರುತ್ತಾರೆ."

ಕೆಳಗೆ ಎರಡು ನಂಬರ್ ಹಾಕಿ. ನಿಮ್ಮದು ಒಂದು, ಗೇಟ್‌ನ ಲ್ಯಾಂಡ್‌ಲೈನ್ ಇನ್ನೊಂದು. ನೀವು ರಜೆ ಹಾಕಿದರೆ ಯಾರನ್ನು ಕೇಳಬೇಕು ಅನ್ನೋದೂ ಅದೇ ಮೆಸೇಜ್‌ನಲ್ಲಿ ಇರಲಿ.

ಗೋಡೌನ್ ಓನರ್: ನಮ್ಮಲ್ಲಿ ಎಸಿ ರಿಪೇರಿಗೆ ಬರೋರಿಗೂ ಹೆಲ್ಮೆಟ್ ಬೇಕಾ?

ಸೇಫ್ಟಿ ಆಫೀಸರ್: ಮೇಲೆ ಕ್ರೇನ್ ಓಡುತ್ತಾ? ಓಡಿದರೆ ಬೇಕು.

ಹೊಸ ಟ್ರೈನಿ: ಶೂ ಇಲ್ಲದೆ ಬಂದ್ರೆ ಏನು ಮಾಡೋದು ಸರ್?

ಸೇಫ್ಟಿ ಆಫೀಸರ್: ವಾಪಸ್ ಕಳಿಸಿ.

ಇನ್ನೊಬ್ಬ ಸದಸ್ಯರು: ಚಪ್ಪಲಿ ಹಾಕಿಕೊಂಡು ಬಂದರೆ ಒಳಗೆ ಬಿಡಬಹುದಾ?

ಸೇಫ್ಟಿ ಆಫೀಸರ್: ಮೇಲೆ ಓದಿ.

ಹೊಸ ಟ್ರೈನಿ: ಕ್ಯಾಂಟೀನ್ ಸೆಪ್ಟಿಕ್ ಟ್ಯಾಂಕ್‌ಗೂ ಇದೇ ನಿಯಮನಾ?

ಹಳೇ ಸೂಪರ್‌ವೈಸರ್: ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡ್ರೆ ಆಗುತ್ತೆ.

ಸೇಫ್ಟಿ ಆಫೀಸರ್: ಒದ್ದೆ ಬಟ್ಟೆ ಧೂಳಿಗೆ, ಗ್ಯಾಸ್‌ಗಲ್ಲ. ಹಾಗೆ ಬರೆದು ಯಾರನ್ನಾದರೂ ಕೊಲ್ಲಬೇಡಿ. ಒಳಗೆ ಬಿದ್ದವರನ್ನು ಎತ್ತಲು ಹಾಗೇ ಧುಮುಕಿದವರೂ ಸತ್ತಿದ್ದಾರೆ, ಒಬ್ಬರ ಹಿಂದೆ ಒಬ್ಬರು.

ಹಳೇ ಸೂಪರ್‌ವೈಸರ್: ಮರ್ಯಾದೆ ಇಲ್ಲದ ಗ್ರೂಪ್.

ಪರ್ಚೇಸ್ ಹುಡುಗ: ಮೆಸೇಜ್ ಕಳಿಸಿದೆ ಸರ್. ಒಬ್ಬ ವೆಂಡರ್ "ಇಳಿಯದೆ ರೇಟ್ ಕೊಡಲ್ಲ" ಅಂತಿದ್ದಾರೆ. ಅವರದೇ ಕಮ್ಮಿ ರೇಟ್, ಬಾಸ್ ಅವರನ್ನೇ ಕರೀಬೇಕು ಅಂತಾರೆ.

ಸೇಫ್ಟಿ ಆಫೀಸರ್: ಬಾಸ್ ನಂಬರ್ ನನಗೆ ಪರ್ಸನಲ್ ಆಗಿ ಕಳಿಸಿ.